ಒಂಬತ್ತು ವರ್ಷಕ್ಕೆ ಡಬಲ್ ಎಂದರೆ ಹನ್ನೊಂದು ಪರ್ಸೆಂಟ್ ಅಲ್ಲ

ತಿಪಟೂರಿನ ಕಡೆಯ ಕೊಬ್ಬರಿ ವ್ಯಾಪಾರಿಗಳಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಹರಾಜಿನಲ್ಲಿ ಕ್ವಿಂಟಲ್‌ಗೆ ಐವತ್ತು ರೂಪಾಯಿ ಏರಿದರೆ ತಮ್ಮ ಮಾಲಿಗೆ ಎಷ್ಟು ಹೆಚ್ಚು ಬಂತು ಎಂದು ನಿಂತಲ್ಲೇ ಹೇಳುತ್ತಾರೆ. ನನ್ನ ಆಫೀಸಿಗೆ ಬರುವ ಮೇಷ್ಟ್ರುಗಳು, ಬ್ಯಾಂಕಿನಿಂದ ನಿವೃತ್ತರಾದವರು ಕೂಡ ಲೆಕ್ಕದಲ್ಲಿ ಹಿಂದುಳಿದವರಲ್ಲ. ಆದರೆ ಠೇವಣಿಯ ಕರಪತ್ರವೊಂದು ಕೈಗೆ ಬಂದ ಕೂಡಲೇ ಇವರೆಲ್ಲ ಒಂದೇ ತಪ್ಪನ್ನು ಮಾಡುತ್ತಾರೆ. ಎಷ್ಟು ವರ್ಷಕ್ಕೆ ಡಬಲ್ ಎಂದು ನೋಡಿ, ನೂರನ್ನು ಆ ವರ್ಷಗಳಿಂದ ಭಾಗಿಸಿ, ಬಂದದ್ದೇ ಬಡ್ಡಿದರ ಎಂದುಕೊಳ್ಳುತ್ತಾರೆ. ಕರಪತ್ರ ಬರೆದವರಿಗೂ ಅದು ಗೊತ್ತು, ಎಷ್ಟೋ ಸಲ ಅವರೇ ಆ ಭಾಗಾಕಾರ ಮಾಡಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿರುತ್ತಾರೆ.

ನಿವೃತ್ತ ಶಿಕ್ಷಕಿಯೊಬ್ಬರು ಬಂದಿದ್ದರು. ಕೈಯಲ್ಲಿ ಹತ್ತು ಲಕ್ಷ ಇತ್ತು. ಪರಿಚಯದ ಏಜೆಂಟ್ ಒಬ್ಬರು ಒಂಬತ್ತು ವರ್ಷಕ್ಕೆ ಇಪ್ಪತ್ತು ಲಕ್ಷ ಆಗುವ ಠೇವಣಿಯೊಂದನ್ನು ಹೇಳಿದ್ದರಂತೆ.

"ಹನ್ನೊಂದು ಪರ್ಸೆಂಟ್‌ಗೂ ಮೇಲೆ ಬೀಳುತ್ತೆ ಸಾರ್. ಬ್ಯಾಂಕಿನಲ್ಲಿ ಹಿರಿಯ ನಾಗರಿಕರಿಗೇ ಏಳೂಮುಕ್ಕಾಲು ಕೊಡ್ತಾರೆ. ಇದು ವಾಸಿ ಅಲ್ವಾ?"

"ಮೇಡಂ, ಹನ್ನೊಂದು ಹೇಗೆ ಬಂತು?"

"ಹತ್ತು ಲಕ್ಷಕ್ಕೆ ಹತ್ತು ಲಕ್ಷ ಬಡ್ಡಿ, ಅಂದ್ರೆ ನೂರಕ್ಕೆ ನೂರು. ಒಂಬತ್ತರಿಂದ ಭಾಗಿಸಿದೆ. ಹನ್ನೊಂದು ಚಿಲ್ಲರೆ."

ನೂರರ ಬದಲು ಎಪ್ಪತ್ತೆರಡನ್ನು ಒಂಬತ್ತರಿಂದ ಭಾಗಿಸಿ ಎಂದೆ. ಎಂಟು ಬಂತು. ಆ ಠೇವಣಿಯ ನಿಜವಾದ ದರ ವರ್ಷಕ್ಕೆ ಶೇಕಡಾ 8, ಅಷ್ಟೇ. ಬ್ಯಾಂಕಿನ 7.75 ಕೂಡ ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರುವುದರಿಂದ ವರ್ಷದ ಲೆಕ್ಕದಲ್ಲಿ 7.98 ಆಗುತ್ತದೆ. ಎರಡೂ ಸರಿಸುಮಾರು ಒಂದೇ. ವ್ಯತ್ಯಾಸ ಇದ್ದದ್ದು ಬೇರೆ ಕಡೆ: ಬ್ಯಾಂಕಿನ ಠೇವಣಿಯನ್ನು ತುರ್ತಿಗೆ ಸ್ವಲ್ಪ ಬಡ್ಡಿ ಕಳೆದುಕೊಂಡು ಮುರಿಸಬಹುದಿತ್ತು, ಇನ್ನೊಂದನ್ನು ಒಂಬತ್ತು ವರ್ಷ ಮುಟ್ಟುವಂತಿರಲಿಲ್ಲ.

ಅವರು ಕೂಡಲೇ ಒಪ್ಪಲಿಲ್ಲ, ಒಪ್ಪದೇ ಇದ್ದದ್ದು ನನಗೆ ಇಷ್ಟವಾಯಿತು. "ಎಪ್ಪತ್ತೆರಡು ಎಲ್ಲಿಂದ ಬಂತು, ಬಡ್ಡಿ ನೂರಕ್ಕೆ ನೂರು ತಾನೇ?" ಎಂದು ಕೇಳಿದರು. ಹಾಗಾಗಿ ಕಾಗದದ ಮೇಲೆ ವರ್ಷವರ್ಷಕ್ಕೆ ಬರೆದೆವು. ಹತ್ತು ಲಕ್ಷಕ್ಕೆ ಶೇಕಡಾ 8ರಂತೆ ಮೊದಲ ವರ್ಷದ ಬಡ್ಡಿ 80,000. ಎರಡನೇ ವರ್ಷ ಬಡ್ಡಿ ಹುಟ್ಟುವುದು ಹತ್ತು ಲಕ್ಷದ ಮೇಲಲ್ಲ, 10,80,000ದ ಮೇಲೆ. ಹಾಗಾಗಿ 86,400 ಬರುತ್ತದೆ. ಐದನೇ ವರ್ಷ ಮುಗಿಯುವಾಗ ಮೊತ್ತ 14.69 ಲಕ್ಷ ದಾಟಿರುತ್ತದೆ. ಒಂಬತ್ತನೇ ವರ್ಷದ ಬಡ್ಡಿಯೊಂದೇ 1.48 ಲಕ್ಷ, ಮೊದಲ ವರ್ಷದ್ದಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಎರಡರಷ್ಟು. ಕೊನೆಗೆ ನಿಂತದ್ದು 19,99,005 ರೂಪಾಯಿ. ಇಪ್ಪತ್ತು ಲಕ್ಷಕ್ಕೆ ಒಂದು ಸಾವಿರವೂ ಕಡಿಮೆಯಿಲ್ಲ.

ನೂರನ್ನು ಭಾಗಿಸುವವರು ಬಿಡುವುದು ಇದನ್ನೇ. ಪ್ರತಿ ವರ್ಷವೂ ಒಂದೇ ಮೊತ್ತದ ಬಡ್ಡಿ ಬಂತೆಂದು ಹಿಡಿದರೆ ಅದು ಸರಳ ಬಡ್ಡಿಯ ಲೆಕ್ಕ. ಒಂಬತ್ತು ವರ್ಷ ಹಣ ಒಳಗೇ ಉಳಿದರೆ ಅದಕ್ಕೆ ಚಕ್ರಬಡ್ಡಿಯ ಲೆಕ್ಕವನ್ನೇ ಹಾಕಬೇಕು. ಇದೇ ಮಾತನ್ನು ತಿರುಗಿಸಿ ಹೇಳುತ್ತೇನೆ, ಏಕೆಂದರೆ ತಿರುಗಿಸಿ ಹೇಳಿದಾಗಲೇ ಜನರಿಗೆ ತಟ್ಟುತ್ತದೆ. ಆ ಏಜೆಂಟ್ ನಿಜವಾಗಿಯೂ ವರ್ಷಕ್ಕೆ 11.11 ಪರ್ಸೆಂಟ್ ಕೊಟ್ಟು, ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾ ಹೋಗಿದ್ದರೆ ಒಂಬತ್ತು ವರ್ಷಕ್ಕೆ ಬರಬೇಕಾದದ್ದು ಸುಮಾರು 25.8 ಲಕ್ಷ. ಅವರು ಕೊಡುತ್ತೇನೆಂದದ್ದು ಇಪ್ಪತ್ತು. ಹನ್ನೊಂದು ಎಂಬ ಅಂಕಿ ಕೇಳಿ ಒಪ್ಪಿದ್ದರೆ, ಬರಬೇಕಿದ್ದ ಐದೂಮುಕ್ಕಾಲು ಲಕ್ಷ ಎಲ್ಲಿ ಎಂದು ಕೇಳುವ ಹಕ್ಕು ಮೇಡಂಗೆ ಇತ್ತು.

ಸೂತ್ರ ಎರಡೂ ಕಡೆಯಿಂದ ನಡೆಯುತ್ತದೆ. ದರ ಗೊತ್ತಿದ್ದರೆ 72ನ್ನು ದರದಿಂದ ಭಾಗಿಸಿ, ಡಬಲ್ ಆಗುವ ವರ್ಷ ಸಿಗುತ್ತದೆ. ವರ್ಷ ಗೊತ್ತಿದ್ದರೆ 72ನ್ನು ವರ್ಷದಿಂದ ಭಾಗಿಸಿ, ದರ ಸಿಗುತ್ತದೆ. ನಂಬಿಕೆ ಬಾರದಿದ್ದರೆ ಪೋಸ್ಟಾಫೀಸಿನ ಕಿಸಾನ್ ವಿಕಾಸ್ ಪತ್ರವನ್ನು ನೋಡಿ. 2023ರ ಏಪ್ರಿಲ್‌ನಲ್ಲಿ ಅದರ ದರ ಶೇಕಡಾ 7.5 ಎಂದು ನಿಗದಿಯಾದಾಗ ಹಣ ದುಪ್ಪಟ್ಟಾಗುವ ಅವಧಿ 115 ತಿಂಗಳು ಎಂದು ಸರ್ಕಾರವೇ ಪ್ರಕಟಿಸಿತು. 72ನ್ನು 7.5ರಿಂದ ಭಾಗಿಸಿದರೆ 9.6 ವರ್ಷ. ಹನ್ನೆರಡರಿಂದ ಗುಣಿಸಿದರೆ 115 ತಿಂಗಳು ಮತ್ತು ಚೂರು. (ಈ ದರಗಳನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತಾರೆ, ಹಣ ಹಾಕುವ ದಿನ ಎಷ್ಟಿದೆ ಎಂದು ಕೌಂಟರ್‌ನಲ್ಲೇ ಕೇಳಿಕೊಳ್ಳಿ.)

ಈ ಪತ್ರದ ಬಗ್ಗೆ ಹಿರಿಯರಿಗೆ ಒಂದು ಹಳೆಯ ನೆನಪಿದೆ. 1988ರಲ್ಲಿ ಇದು ಶುರುವಾದಾಗ ಐದೂವರೆ ವರ್ಷಕ್ಕೇ ಡಬಲ್ ಆಗುತ್ತಿತ್ತು. "ಆಗ ಹದಿನೆಂಟು ಪರ್ಸೆಂಟ್ ಕೊಡ್ತಿದ್ರು, ಈಗ ಏಳೂವರೆಗೆ ಇಳಿಸಿದ್ದಾರೆ" ಎಂದು ಬೇಸರಪಡುತ್ತಾರೆ. ಅದೂ ನೂರನ್ನು ಐದೂವರೆಯಿಂದ ಭಾಗಿಸಿದ ಲೆಕ್ಕ. 72ನ್ನು ಭಾಗಿಸಿ ನೋಡಿದರೆ ಹದಿಮೂರರ ಆಸುಪಾಸು. ಇಳಿದಿರುವುದು ನಿಜ, ಆದರೆ ಹದಿನೆಂಟರಿಂದ ಅಲ್ಲ. ಹದಿನೆಂಟು ಎಂಬ ಈ ನೆನಪೇ ಇವತ್ತು ಹದಿನೈದು, ಹದಿನಾರು ಕೊಡುತ್ತೇವೆನ್ನುವ ಹೆಸರಿಲ್ಲದ ಸಂಸ್ಥೆಗಳ ಕಡೆಗೆ ಅವರನ್ನು ಎಳೆಯುತ್ತದೆ ಎಂಬುದು ನನ್ನ ಆತಂಕ.

ಸೂತ್ರಕ್ಕೆ ಒಂದು ಷರತ್ತಿದೆ. ಬಡ್ಡಿ ಅಸಲಿನ ಜೊತೆಯಲ್ಲೇ ಇರಬೇಕು. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 2023ರ ಏಪ್ರಿಲ್‌ನಲ್ಲಿ ಶೇಕಡಾ 8.2 ನಿಗದಿಯಾದಾಗ, 72ನ್ನು 8.2ರಿಂದ ಭಾಗಿಸಿ "ಒಂಬತ್ತು ವರ್ಷದೊಳಗೆ ಡಬಲ್" ಎಂದು ಹಲವರು ಖುಷಿಪಟ್ಟರು. ಆ ಯೋಜನೆಯಲ್ಲಿ ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ, ಔಷಧಿಗೋ ಮೊಮ್ಮಕ್ಕಳ ಫೀಸಿಗೋ ಹೋಗುತ್ತದೆ. ಹೋಗಲೆಂದೇ ಆ ಯೋಜನೆ ಇರುವುದು, ಅದರಲ್ಲಿ ತಪ್ಪಿಲ್ಲ. ಆದರೆ ಹಾಗೆ ಖರ್ಚಾಗುವ ಬಡ್ಡಿಗೆ ಸರಳ ಬಡ್ಡಿಯ ಲೆಕ್ಕವೇ ಸರಿ: ನೂರನ್ನು 8.2ರಿಂದ ಭಾಗಿಸಬೇಕು. ಅಸಲಿನಷ್ಟು ಬಡ್ಡಿ ಕೈ ಸೇರಲು ಹನ್ನೆರಡು ವರ್ಷದ ಮೇಲಾಗುತ್ತದೆ. ಹಣ ಒಳಗೆ ಉಳಿದರೆ 72, ಹೊರಗೆ ಹೋದರೆ 100.

ತೆರಿಗೆಯನ್ನೂ ಇದೇ ದಾರಿಯಲ್ಲಿ ನೋಡಬೇಕು. ಕಿಸಾನ್ ವಿಕಾಸ್ ಪತ್ರದ ಬಡ್ಡಿಗೆ ತೆರಿಗೆ ಇದೆ. ಶೇಕಡಾ 20ರ ಹಂತದಲ್ಲಿರುವವರಿಗೆ ಸೆಸ್ ಸೇರಿ 20.8 ಹೋಗುತ್ತದೆ. ವರ್ಷವರ್ಷವೂ ಅದನ್ನು ಕಟ್ಟುವವರಿಗೆ 7.5ರಲ್ಲಿ ಉಳಿಯುವುದು 5.94. ಈಗ 72ನ್ನು ಭಾಗಿಸಿದರೆ ಹನ್ನೆರಡು ವರ್ಷ. ಯಾರ ಆದಾಯ ಯಾವ ಹಂತದಲ್ಲಿದೆ, ಬಡ್ಡಿಯನ್ನು ಯಾವ ವರ್ಷ ತೋರಿಸುತ್ತೀರಿ ಎಂಬುದರ ಮೇಲೆ ಇದು ಬದಲಾಗುತ್ತದೆ. ಹಾಗಾಗಿ ಇದನ್ನು ಅಂದಾಜು ಎಂದೇ ತೆಗೆದುಕೊಳ್ಳಿ, ರಿಟರ್ನ್ ತುಂಬುವಾಗ ನಿಮ್ಮ ಆಡಿಟರ್ ಹತ್ತಿರ ಕೂತು ಸರಿಯಾಗಿ ನೋಡಿ.

ಮೇಡಂ ಕೇಳಿದ ಪ್ರಶ್ನೆ ಹಾಗೇ ಉಳಿದಿದೆ: ಎಪ್ಪತ್ತೆರಡೇ ಏಕೆ? 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಗಣಿತದ ಪುಸ್ತಕದಲ್ಲಿ ಈ ಸೂತ್ರ ಇದೆ, ಆದರೆ ಅವನು ಕಾರಣ ಕೊಟ್ಟಿಲ್ಲ. ಕಾರಣ ಲಾಗರಿದಮ್‌ನಲ್ಲಿದೆ. ಎರಡರ ಸ್ವಾಭಾವಿಕ ಲಾಗರಿದಮ್ 0.693, ಬಡ್ಡಿ ಕ್ಷಣಕ್ಷಣವೂ ಸೇರುತ್ತಿದ್ದರೆ ಸರಿಯಾದ ಅಂಕಿ 69.3. ವರ್ಷಕ್ಕೊಮ್ಮೆ ಸೇರುವ ಬಡ್ಡಿಗೆ ಅದು ಸ್ವಲ್ಪ ಹೆಚ್ಚಬೇಕು. ಶೇಕಡಾ 8ರ ಹತ್ತಿರ 72 ಕರಾರುವಾಕ್ಕಾಗಿ ಹೊಂದುತ್ತದೆ, ಜೊತೆಗೆ 2, 3, 4, 6, 8, 9, 12 ಎಲ್ಲದರಿಂದಲೂ ಭಾಗವಾಗುತ್ತದೆ, ಬಾಯಿಲೆಕ್ಕಕ್ಕೆ ಸಲೀಸು. ಎಂಟರಿಂದ ದೂರ ಹೋದಷ್ಟೂ ತಪ್ಪು ಬೆಳೆಯುತ್ತದೆ. ಶೇಕಡಾ 24ಕ್ಕೆ ಸೂತ್ರ ಮೂರು ವರ್ಷ ಎನ್ನುತ್ತದೆ, ನಿಜದಲ್ಲಿ ಬೇಕಾಗುವುದು 3.22. ದರ ಎಂಟಕ್ಕಿಂತ ಪ್ರತಿ ಮೂರು ಹೆಚ್ಚಾದಾಗ 72ಕ್ಕೆ ಒಂದನ್ನು ಸೇರಿಸಿಕೊಂಡರೆ ಇದೂ ಸರಿಹೋಗುತ್ತದೆ. 24ಕ್ಕೆ ಸುಮಾರು 77 ಹಿಡಿದು ಭಾಗಿಸಿ ನೋಡಿ.

ನಮ್ಮ ಕಡೆ ಈ ಸೂತ್ರ ಅತಿ ಹೆಚ್ಚು ಬೇಕಾಗುವುದು ಠೇವಣಿಗಲ್ಲ, ಕೈಸಾಲಕ್ಕೆ. ಇಲ್ಲಿ ಯಾರೂ ವರ್ಷದ ಲೆಕ್ಕದಲ್ಲಿ ಬಡ್ಡಿ ಹೇಳುವುದಿಲ್ಲ. ಎರಡು ರೂಪಾಯಿ ಬಡ್ಡಿ, ಮೂರು ರೂಪಾಯಿ ಬಡ್ಡಿ ಎನ್ನುತ್ತಾರೆ, ನೂರಕ್ಕೆ ತಿಂಗಳಿಗೆ ಅಷ್ಟು ಎಂದು ಅರ್ಥ. "ಬ್ಯಾಂಕಿನವರು ಹನ್ನೆರಡು ಕೇಳ್ತಾರೆ ಸಾರ್, ಇವರು ಬರೀ ಮೂರು" ಎಂದು ನನ್ನೆದುರೇ ಹೇಳಿದವರಿದ್ದಾರೆ. ಸೂತ್ರ ತಿಂಗಳಿಗೂ ಹಾಗೇ ನಡೆಯುತ್ತದೆ. ದರ ತಿಂಗಳದ್ದಾದರೆ ಬರುವ ಉತ್ತರವೂ ತಿಂಗಳಲ್ಲೇ. 72ನ್ನು ಮೂರರಿಂದ ಭಾಗಿಸಿದರೆ ಇಪ್ಪತ್ತನಾಲ್ಕು ತಿಂಗಳು. ಮಳಿಗೆಗೆ ಮಾಲು ತುಂಬಲು ಎರಡು ಲಕ್ಷ ತಂದ ವ್ಯಾಪಾರಿ, ಬೆಲೆ ಬಿತ್ತೆಂದು ಬಡ್ಡಿ ಕಟ್ಟದೆ ಚೀಟಿಗೆ ಸೇರಿಸುತ್ತಾ ಹೋದರೆ ಎರಡು ವರ್ಷಕ್ಕೆ ಅದು ನಾಲ್ಕು ಲಕ್ಷದ ಆರು ಸಾವಿರ. ಇನ್ನೆರಡು ವರ್ಷ ಹೀಗೇ ಬಿಟ್ಟರೆ ಎಂಟು ಲಕ್ಷ ದಾಟುತ್ತದೆ. ಅದೇ ಎರಡು ಲಕ್ಷಕ್ಕೆ ಬ್ಯಾಂಕಿನ ಹನ್ನೆರಡು, ಅಂದರೆ ತಿಂಗಳಿಗೆ ಒಂದು ರೂಪಾಯಿ. ಅದು ನಾಲ್ಕು ಲಕ್ಷವಾಗಲು ಸೂತ್ರದ ಪ್ರಕಾರ ಎಪ್ಪತ್ತೆರಡು ತಿಂಗಳು ಬೇಕು, ಆರು ವರ್ಷ.

ಕ್ರೆಡಿಟ್ ಕಾರ್ಡ್ ಬಾಕಿಯನ್ನು ಮುಂದಕ್ಕೆ ಹಾಕುವ ನಮ್ಮ ಹುಡುಗರಿಗೂ ಇದೇ ಲೆಕ್ಕ. ತಿಂಗಳಿಗೆ ಮೂರೂವರೆ ಎಂದು ಸ್ಟೇಟ್‌ಮೆಂಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಇದ್ದರೆ, ಇಪ್ಪತ್ತೊಂದು ತಿಂಗಳೊಳಗೆ ಬಾಕಿ ಎರಡರಷ್ಟಾಗುತ್ತದೆ. ತಡ ಶುಲ್ಕ, ಜಿಎಸ್‌ಟಿ ಇನ್ನೂ ಸೇರಿಲ್ಲ. ಸಾಲಕ್ಕೆ ಸಹಿ ಹಾಕುವ ಮುನ್ನ ದರ ತಿಂಗಳದ್ದೋ ವರ್ಷದ್ದೋ ಎಂದು ಕೇಳಿ, ಕಟ್ಟದ ಬಡ್ಡಿ ಅಸಲಿಗೆ ಸೇರುತ್ತದೋ ಇಲ್ಲವೋ ಎಂದೂ ಕೇಳಿ. ಎರಡಕ್ಕೂ ಉತ್ತರವನ್ನು ಬರಹದಲ್ಲೇ ಪಡೆಯಿರಿ. ಠೇವಣಿಯ ಏಜೆಂಟ್ ಬಂದಾಗ ದರವನ್ನು ಅವರ ಬಾಯಿಂದ ಕೇಳಬೇಡಿ. ಎಷ್ಟು ವರ್ಷಕ್ಕೆ ಎಷ್ಟು ಹಣ ಕೈಗೆ ಬರುತ್ತದೆ ಎಂದಷ್ಟೇ ಕೇಳಿ, ದುಪ್ಪಟ್ಟು ಎಂದರೆ ಅವರೆದುರೇ ಎಪ್ಪತ್ತೆರಡನ್ನು ಭಾಗಿಸಿ.