ಭಾನುವಾರ ಬಾಸ್ ಫೋನ್ ಬಂದಾಗ 'ನೆಟ್‌ವರ್ಕ್ ಇರಲಿಲ್ಲ' ಅನ್ನಬೇಡಿ

ಕೊಡಗಿನಲ್ಲಿ ಕೆಲಸ ಮಾಡುವವರ ಹತ್ತಿರ ರಜಾ ದಿನ ಬಾಸ್ ಫೋನ್ ಎತ್ತದಿರುವುದಕ್ಕೆ ಒಂದು ಸಿದ್ಧ ಉತ್ತರ ಇರುತ್ತದೆ. 'ಮನೆ ಹತ್ರ ನೆಟ್‌ವರ್ಕ್ ಇರಲಿಲ್ಲ ಸರ್.' ಬಹಳ ಕಡೆ ಇದು ನಿಜವೂ ಹೌದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಆದರೂ ಈ ಉತ್ತರವನ್ನು ನೆಪವಾಗಿ ಬಳಸಬೇಡಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಸಣ್ಣ ಆಫೀಸುಗಳ ಸಂಬಳ, ಪಿಎಫ್, ರಜೆ ಲೆಕ್ಕ ನೋಡಿಕೊಡುವುದು ನನ್ನ ಕೆಲಸ. ಹಾಗಾಗಿ ಮಾಲೀಕರ ದೂರು, ಕೆಲಸದವರ ದೂರು ಎರಡೂ ನನ್ನ ಕಿವಿಗೆ ಬೀಳುತ್ತವೆ. ಮಾಲೀಕರ ಕಡೆಯಿಂದ ಹೆಚ್ಚು ಕೇಳಿಸುವ ಮಾತು ಇದು: 'ನೆಟ್‌ವರ್ಕ್ ಇಲ್ಲ ಅಂದವರು ಅರ್ಧ ಗಂಟೆ ಹಿಂದೆ ಮದುವೆ ಮನೆ ಫೋಟೋ ಸ್ಟೇಟಸ್ ಹಾಕಿದ್ರು.'

ಊರು ಚಿಕ್ಕದು. ನೀವು ಭಾನುವಾರ ಎಲ್ಲಿದ್ದಿರಿ ಅಂತ ಬಾಸ್‌ಗೆ ಸೋಮವಾರದೊಳಗೆ ಯಾರಾದರೂ ಹೇಳೇ ಹೇಳುತ್ತಾರೆ. ಒಮ್ಮೆ ಸಿಕ್ಕಿಬಿದ್ದರೆ ಆಮೇಲೆ ಜುಲೈಯಲ್ಲಿ ನಿಜವಾಗಿಯೂ ಎರಡು ದಿನ ಸಿಗ್ನಲ್ ಇಲ್ಲದಾಗಲೂ ನಂಬುವವರಿರುವುದಿಲ್ಲ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಸಿಗ್ನಲ್ ಇಲ್ಲದ್ದಕ್ಕೆ ಎತ್ತಲಿಲ್ಲ ಅಂದರೆ ಸಿಗ್ನಲ್ ಇದ್ದರೆ ಎತ್ತುತ್ತಿದ್ದೆ ಅಂತ ಒಪ್ಪಿಕೊಂಡ ಹಾಗಾಯಿತು. ಭಾನುವಾರ ನಿಮ್ಮದು ಅನ್ನುವ ಮಾತನ್ನು ನೀವು ಹೇಳಿಯೇ ಇಲ್ಲ.

ಹಾಗಾದರೆ ಏನು ಹೇಳಬೇಕು? ಅದಕ್ಕೆ ಮೊದಲು ಬಾಸ್ ಯಾಕೆ ಫೋನ್ ಮಾಡುತ್ತಾರೆ ಅಂತ ನೋಡಬೇಕು, ಯಾಕಂದರೆ ಹೆಚ್ಚಿನ ಕರೆಗಳನ್ನು ನಿರಾಕರಿಸುವ ಅಗತ್ಯವೇ ಬರದ ಹಾಗೆ ಶನಿವಾರ ಸಂಜೆಯೇ ಮಾಡಬಹುದು. ಗೋಣಿಕೊಪ್ಪದ ಒಂದು ಕಾಫಿ, ಕರಿಮೆಣಸು ಖರೀದಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಸೋಮವಾರದಿಂದ ಶನಿವಾರದವರೆಗೆ ಕೆಲಸ, ಭಾನುವಾರ ರಜೆ. ಜನವರಿ ಆದಮೇಲೆ ರೊಬಸ್ಟಾ ಕೊಯ್ಲು ಜೋರಾದಂತೆ ಭಾನುವಾರದ ಫೋನುಗಳೂ ಜೋರಾದವು. ಆಕೆ ಕೆಲಸ ಬಿಡುವ ಮಾತಾಡಿದಾಗ ನಾನು ಒಂದೇ ಒಂದು ಕೆಲಸ ಮಾಡಲು ಹೇಳಿದೆ: ನಾಲ್ಕು ಭಾನುವಾರ ಬಂದ ಪ್ರತಿ ಕರೆಯಲ್ಲಿ ಬಾಸ್ ಏನು ಕೇಳಿದರು ಅಂತ ಒಂದು ಸಾಲು ಬರೆದಿಡಿ, ಅಷ್ಟೇ.

ಒಟ್ಟು 11 ಕರೆ ಬಂದಿದ್ದವು. ಅದರಲ್ಲಿ 7 ಒಂದೇ ತರಹದ್ದು: 'ಇವರಿಗೆ ನಾವು ಎಷ್ಟು ಬಾಕಿ? ಅಡ್ವಾನ್ಸ್ ಎಷ್ಟು ಹೋಗಿದೆ?' ಕಾರಣ ಸರಳ. ಭಾನುವಾರ ಬಾಸ್ ಸಂತೆಗೋ ಮದುವೆಗೋ ಹೋಗಿರುತ್ತಾರೆ, ಅಲ್ಲಿ ಬೆಳೆಗಾರರು ಸಿಗುತ್ತಾರೆ, 'ನಮ್ಮ ದುಡ್ಡು ಯಾವಾಗ?' ಅಂತ ಕೇಳುತ್ತಾರೆ. ನಾಲ್ಕು ಜನರ ಮುಂದೆ ಗೊತ್ತಿಲ್ಲ ಅನ್ನಲು ಅವರಿಗೆ ಆಗುವುದಿಲ್ಲ. ಲೆಕ್ಕ ಇರುವುದು ಆಕೆಯ ತಲೆಯಲ್ಲಿ ಮತ್ತು ಬೀಗ ಹಾಕಿದ ಆಫೀಸಿನ ಕಂಪ್ಯೂಟರಿನಲ್ಲಿ. ಫೋನ್ ಮಾಡದೆ ಇನ್ನೇನು ಮಾಡುತ್ತಾರೆ?

3 ಕರೆಗಳು ಹಣ ಹಾಕುವುದಕ್ಕೆ. ಈ ತರಹದ ಕರೆ ಹಿಂದೆ ಇರಲಿಲ್ಲ. ಮೊದಲೆಲ್ಲ ಬ್ಯಾಂಕ್ ರಜೆ ಅಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. 2019ರ ಡಿಸೆಂಬರಿನಿಂದ ನೆಫ್ಟ್, 2020ರ ಡಿಸೆಂಬರಿನಿಂದ ಆರ್‌ಟಿಜಿಎಸ್ ರಾತ್ರಿ ಹಗಲು, ಭಾನುವಾರವೂ ನಡೆಯುತ್ತವೆ. ಇದು ಬೆಳೆಗಾರರಿಗೂ ಗೊತ್ತು. 'ಈಗಲೇ ಹಾಕಿ' ಅಂದರೆ 'ಸೋಮವಾರ ಬ್ಯಾಂಕ್ ತೆಗೀಲಿ' ಅನ್ನುವ ಹಾಗಿಲ್ಲ. ಇಲ್ಲಿ ಇನ್ನೊಂದು ಗಂಟೂ ಇತ್ತು. ಅಂಗಡಿಯ ನೆಟ್‌ಬ್ಯಾಂಕಿಂಗ್‌ಗೆ ಆಕೆಯ ನಂಬರ್ ಕೊಟ್ಟಿದ್ದರಿಂದ ಒಟಿಪಿ ಬರುತ್ತಿದ್ದುದು ಆಕೆಯ ಫೋನಿಗೆ. ಅಂದಮೇಲೆ ಬಾಸ್ ತಾವೇ ಹಣ ಹಾಕಲು ಕೂತರೂ ಆಕೆಗೆ ಫೋನ್ ಮಾಡಲೇಬೇಕಿತ್ತು.

ಉಳಿದ ಒಂದು ಕರೆ ನಿಜವಾದ ತುರ್ತು. ಮೆಣಸು ತುಂಬಿದ ಲಾರಿಯನ್ನು ದಾರಿಯಲ್ಲಿ ನಿಲ್ಲಿಸಿದ್ದರು, ಬಿಲ್ಲಿನ ಪ್ರತಿ ಬೇಕಿತ್ತು. ಇದಕ್ಕೆ ಫೋನ್ ಎತ್ತಲೇಬೇಕು, ಆಕೆ ಎತ್ತಿದ್ದಳು.

ಈ ಪಟ್ಟಿ ಕೈಗೆ ಬಂದಮೇಲೆ ದಾರಿ ಕಾಣಿಸಿತು. ಶನಿವಾರ ಮನೆಗೆ ಹೊರಡುವ ಮೊದಲು ಬಾಸ್‌ಗೆ ಒಂದು ಹಾಳೆಯ ಲೆಕ್ಕ ವಾಟ್ಸಾಪ್‌ನಲ್ಲಿ ಹೋಗಬೇಕು. ಗೋಡೌನಿನಲ್ಲಿ ಎಷ್ಟು ಚೀಲ ಇದೆ, ಬಾಕಿ ಇರುವ ಬೆಳೆಗಾರರ ಹೆಸರು, ಪ್ರತಿಯೊಬ್ಬರಿಂದ ಬಂದ ಚೀಲ, ಹೋದ ಅಡ್ವಾನ್ಸ್, ಕೊಡಬೇಕಾದ ಹಣ, ಯಾವ ದಿನ ಕೊಡುತ್ತೇವೆ. ಸಿಪ್ಪೆ ತೆಗೆದ ಮೇಲೆ ಎಷ್ಟು ಬೀಜ ಸಿಗುತ್ತದೆ ಅನ್ನುವ ಔಟ್‌ಟರ್ನ್ ನೋಡದೆ ರೇಟು ಕಟ್ಟಲಾಗದ ಲಾಟ್ ಇದ್ದರೆ ಅದರ ಮುಂದೆ 'ಔಟ್‌ಟರ್ನ್ ಬಾಕಿ' ಅಂತ ಬರೆಯಬೇಕು. ಇಲ್ಲದಿದ್ದರೆ ಮತ್ತೆ ಅದಕ್ಕೇ ಫೋನ್ ಬರುತ್ತದೆ. ಫೈಲ್ ಕಳಿಸುವುದಕ್ಕಿಂತ ಫೋಟೋ ಕಳಿಸುವುದು ಒಳ್ಳೆಯದು. ಮದುವೆ ಮನೆಯಲ್ಲಿ ನಿಂತುಕೊಂಡು ಯಾರೂ ಎಕ್ಸೆಲ್ ತೆಗೆಯುವುದಿಲ್ಲ, ಅದೂ ಒಂದು ಕಡ್ಡಿ ಸಿಗ್ನಲ್‌ನಲ್ಲಿ.

ಒಟಿಪಿ ಗಂಟು ಬಿಚ್ಚಲು ಬ್ಯಾಂಕಿಗೆ ಹೋಗಿ ಅರ್ಜಿ ಕೊಡಬೇಕಾಯಿತು. ವ್ಯಾಪಾರದ ಖಾತೆಗೆ ಬ್ಯಾಂಕುಗಳು ಸಾಮಾನ್ಯವಾಗಿ ಇಬ್ಬರು ಬಳಕೆದಾರರ ಸೌಲಭ್ಯ ಕೊಡುತ್ತವೆ. ಒಬ್ಬರು ಪಾವತಿಯ ವಿವರ ತುಂಬುತ್ತಾರೆ, ಇನ್ನೊಬ್ಬರು ಒಪ್ಪಿಗೆ ಕೊಡುತ್ತಾರೆ. ಆಕೆ ಶನಿವಾರವೇ ತುಂಬಿಟ್ಟರೆ ಬಾಸ್ ಭಾನುವಾರ ತಮ್ಮ ಫೋನಿನಿಂದಲೇ ಒಪ್ಪಿಗೆ ಒತ್ತಬಹುದು, ಒಟಿಪಿ ಅವರಿಗೇ ಬರುತ್ತದೆ. ನಿಮ್ಮ ಸ್ವಂತ ನಂಬರ್ ಆಫೀಸಿನ ಖಾತೆಗೆ ಜೋಡಿಸಿದ್ದರೆ ಇವತ್ತೇ ಇದನ್ನು ಸರಿಮಾಡಿಸಿ. ರಜೆಯ ಮಾತು ಹಾಗಿರಲಿ, ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಮೊದಲ ಪ್ರಶ್ನೆ ನಿಮಗೇ ಬರುತ್ತದೆ.

ಈಗ ಬಾಸ್ ಜೊತೆ ಮಾತು. ಇದನ್ನು ಭಾನುವಾರ ಫೋನಿನಲ್ಲಿ ಆಡಬೇಡಿ. ಆಗ ಅವರಿಗೆ ಅವಸರ, ನಿಮಗೆ ಸಿಟ್ಟು. ವಾರದ ನಡುವೆ, ಅಂಗಡಿಯಲ್ಲಿ ಜನ ಕಡಿಮೆ ಇರುವ ಹೊತ್ತಿನಲ್ಲಿ ಎದುರು ಕೂತು ಆಡಿ. ಆಕೆ ಹೇಳಿದ್ದು ಹೀಗೆ: 'ಸರ್, ಭಾನುವಾರ ನೀವು ಕೇಳೋದೆಲ್ಲ ಹೆಚ್ಚಾಗಿ ಬಾಕಿ ಲೆಕ್ಕ. ಶನಿವಾರ ಸಂಜೆ ಅದನ್ನ ಬರೆದು ಕಳಿಸ್ತೀನಿ, ನಿಮ್ಮ ಕೈಯಲ್ಲೇ ಇರುತ್ತೆ. ಭಾನುವಾರ ನಾನು ಮನೆಯವರ ಜೊತೆ ಇರ್ತೀನಿ, ಫೋನ್ ನೋಡಲ್ಲ. ಲಾರಿ ನಿಂತ್ರೆ, ಗೋಡೌನಿಗೆ ಏನಾದ್ರೂ ಆದ್ರೆ ಎರಡು ಸಲ ಫೋನ್ ಮಾಡಿ, ಖಂಡಿತ ಎತ್ತುತೀನಿ.' ಬಾಸ್ ಒಂದು ಕ್ಷಣ ಸುಮ್ಮನಿದ್ದು, 'ನೋಡಮ್ಮ, ಸೀಸನ್ ಟೈಮಲ್ಲಿ ಹಾಗೆಲ್ಲ ಆಗುತ್ತಾ?' ಅಂದರಂತೆ. ಆಕೆ ವಾದ ಮಾಡಲಿಲ್ಲ. 'ಈ ತಿಂಗಳು ಮಾಡಿ ನೋಡೋಣ ಸರ್, ತೊಂದರೆ ಆದ್ರೆ ಮತ್ತೆ ಮಾತಾಡೋಣ' ಅಂದಳು.

ಆ ಮಾತಿನಲ್ಲಿ ಏನಿಲ್ಲ ಅಂತ ಗಮನಿಸಿ. ಅತ್ತೆಗೆ ಹುಷಾರಿಲ್ಲ, ಮಗುವಿಗೆ ಪರೀಕ್ಷೆ, ನೆಂಟರು ಬರ್ತಾರೆ ಅನ್ನುವುದು ಯಾವುದೂ ಇಲ್ಲ. ಕಾರಣ ಕೊಟ್ಟ ಕೂಡಲೇ ಅದರ ಮೇಲೆ ಚೌಕಾಸಿ ಶುರುವಾಗುತ್ತದೆ. 'ಹೌದಾ, ಹಾಗಾದ್ರೆ ಸಂಜೆ ಮೇಲೆ ಮಾಡ್ತೀನಿ' ಅನ್ನುತ್ತಾರೆ. ನೆಂಟರು ಬರದ ಭಾನುವಾರ ಏನು ಹೇಳುತ್ತೀರಿ? 'ಸಾರಿ ಸರ್' ಕೂಡ ಮೂರು ಸಲ ಬೇಡ. ರಜೆಯನ್ನು ರಜೆ ಅಂತ ಹೇಳುವುದರಲ್ಲಿ ಕ್ಷಮೆ ಕೇಳುವಂಥದ್ದು ಏನೂ ಇಲ್ಲ.

ಎರಡು ಸಲ ಫೋನ್ ಮಾಡಿ ಅಂದದ್ದಕ್ಕೂ ಕಾರಣ ಇದೆ. ಫೋನಿನ ಡು ನಾಟ್ ಡಿಸ್ಟರ್ಬ್‌ನಲ್ಲಿ ಒಂದೇ ನಂಬರಿನಿಂದ ಬೆನ್ನುಬೆನ್ನಿಗೆ ಬರುವ ಎರಡನೇ ಕರೆ ರಿಂಗ್ ಆಗಲು ಬಿಡುವ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿ, ಮನೆಯವರ ನಂಬರ್‌ಗಳಿಗೆ ಅನುಮತಿ ಕೊಟ್ಟು ಫೋನ್ ಪಕ್ಕಕ್ಕಿಡಬಹುದು. ಸ್ವಿಚ್ ಆಫ್ ಮಾಡುವುದು ನನಗೆ ಇಷ್ಟವಿಲ್ಲ. ನಮ್ಮ ಜಿಲ್ಲೆಯಲ್ಲಿ 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದವರು ಮಳೆಗಾಲದಲ್ಲಿ ಫೋನ್ ಆಫ್ ಮಾಡಿ ಮಲಗುವುದಿಲ್ಲ.

ಮಾತಾದ ಮೇಲಿನ ಮೊದಲ ಮೂರ್ನಾಲ್ಕು ವಾರಗಳಲ್ಲೇ ಎಲ್ಲ ಕೆಡುವುದು ಜಾಸ್ತಿ. ಬಾಸ್ ಹಳೇ ರೂಢಿಯಲ್ಲಿ, ಬೆನ್ನುಬೆನ್ನಿಗಲ್ಲದೆ ಬಿಟ್ಟು ಬಿಟ್ಟು ಫೋನ್ ಮಾಡುತ್ತಾರೆ. ನೀವು ಎರಡು ಸಲ ಬಿಟ್ಟು, ಮೂರನೇ ಸಲ ಪಾಪ ಅನ್ನಿಸಿ ಎತ್ತಿ, ಚೀಲದ ಲೆಕ್ಕ ಹೇಳಿಬಿಡುತ್ತೀರಿ. ಇದು ಮೊದಲಿನಿಂದಲೂ ಎತ್ತುವುದಕ್ಕಿಂತ ಕೆಟ್ಟದ್ದು, ಯಾಕಂದರೆ ಮೂರು ಸಲ ಮಾಡಿದರೆ ಎತ್ತುತ್ತಾರೆ ಅಂತ ಅವರು ಕಲಿತರು. ಎತ್ತಿದ್ದು ತುರ್ತಲ್ಲ ಅಂತ ಗೊತ್ತಾದರೆ ಹೀಗೆ ಹೇಳಿ: 'ಸರ್, ಅದು ನಿನ್ನೆ ಕಳಿಸಿದ ಹಾಳೆಯಲ್ಲಿದೆ. ಅದರಲ್ಲಿ ಇಲ್ಲದ್ದು ಏನಾದ್ರೂ ಬೇಕಿದ್ರೆ ಮೆಸೇಜ್ ಹಾಕಿಡಿ, ಸೋಮವಾರ ಹತ್ತು ಗಂಟೆಗೆ ಮೊದಲು ಕೊಡ್ತೀನಿ.' ಕೊಟ್ಟ ಗಂಟೆಯನ್ನು ಮಾತ್ರ ತಪ್ಪಿಸಬೇಡಿ. ಸೋಮವಾರ ಹತ್ತಕ್ಕೆ ಉತ್ತರ ಹೋಗದಿದ್ದರೆ ಮುಂದಿನ ಭಾನುವಾರ ಅವರು ಫೋನ್ ಮಾಡುವುದು ನ್ಯಾಯವೇ.

ಆಕೆಯ ಅಂಗಡಿಯಲ್ಲಿ ಎರಡನೇ ಭಾನುವಾರ ಮೂರು ಕರೆ ಬಂದವು, ಮೂರೂ ಬಾಕಿ ಲೆಕ್ಕಕ್ಕೇ. ಹಾಳೆಯಲ್ಲಿ ಹೆಸರುಗಳು ಬಂದ ತಾರೀಖಿನ ಪ್ರಕಾರ ಇದ್ದುದರಿಂದ ಬಾಸ್‌ಗೆ ಬೇಗ ಸಿಗುತ್ತಿರಲಿಲ್ಲ. ಹೆಸರನ್ನು ಊರಿನ ಪ್ರಕಾರ ಜೋಡಿಸಿದ ಮೇಲೆ ಆ ಕರೆಗಳು ನಿಂತವು. ಮೆಣಸಿನ ರೇಟು ಏರಿದಾಗ ಈಗಲೂ ಒಂದೊಂದು ಬರುತ್ತದೆ.

ಇದು ಎಲ್ಲರಿಗೂ ಹೀಗೇ ನಡೆಯುವುದಿಲ್ಲ. ರೆಸಾರ್ಟ್, ಹೋಂಸ್ಟೇಗಳಲ್ಲಿ ಶನಿವಾರ ಭಾನುವಾರವೇ ಕೆಲಸದ ದಿನ, ಅಲ್ಲಿ ಕಾಪಾಡಿಕೊಳ್ಳಬೇಕಾದ್ದು ನಿಮ್ಮ ಪಾಲಿನ ವಾರದ ರಜೆ, ಅದು ಮಂಗಳವಾರವೇ ಇರಲಿ ಬುಧವಾರವೇ ಇರಲಿ. ಮ್ಯಾನೇಜರ್ ಹುದ್ದೆಯಲ್ಲಿದ್ದು, ಗೋಡೌನಿನ ಬೀಗ ನಿಮ್ಮ ಹತ್ತಿರವೇ ಇದ್ದರೆ ಪೂರ್ತಿ ದಿನ ಸಿಗದೇ ಇರುವುದು ಕಷ್ಟ. ಅಂಥವರು ಒಂದು ಹೊತ್ತು ಗೊತ್ತುಮಾಡಿಕೊಳ್ಳಿ, ಭಾನುವಾರ ಸಂಜೆ ಆರರಿಂದ ಆರೂವರೆ ಅಂತ, ಅದರಾಚೆ ಇಲ್ಲ.

ಕಾನೂನು ಎಷ್ಟು ಜೊತೆಗಿದೆ ಅಂತ ಕೇಳುತ್ತಾರೆ. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಹೊತ್ತಿನಾಚೆಯ ಕರೆಗಳ ಬಗ್ಗೆಯೇ ಕಾನೂನು ಇದೆ. ನಮ್ಮಲ್ಲಿ ಅಂಥದ್ದು ಇಲ್ಲ. ಸಂಸತ್ತಿನಲ್ಲಿ ಖಾಸಗಿ ಸದಸ್ಯರ ಮಸೂದೆ ಮಂಡನೆಯಾಗಿದೆ, ಕಾಯ್ದೆ ಆಗಿಲ್ಲ. ಆದರೆ ಅಂಗಡಿ, ಆಫೀಸುಗಳಿಗೆ ಅನ್ವಯಿಸುವ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಾರಕ್ಕೆ ಒಂದು ಪೂರ್ತಿ ದಿನ ರಜೆ ಕೊಡಬೇಕು ಅನ್ನುತ್ತದೆ. ಆಡಳಿತದ ಹುದ್ದೆಯಲ್ಲಿರುವವರು ಅದರ ಹೊರಗೆ. ಮೊದಲ ಮಾತಿನಲ್ಲೇ ಬಾಸ್ ಮುಂದೆ ಕಾಯ್ದೆ ಹೆಸರು ತೆಗೆಯಬೇಡಿ, ನಾಲ್ಕು ಜನರ ಅಂಗಡಿಯಲ್ಲಿ ಅದು ಜಗಳದ ಮಾತಾಗುತ್ತದೆ. ಮಾತಾಡಿ ಎರಡು ತಿಂಗಳಾದರೂ ಪ್ರತಿ ಭಾನುವಾರ ಗಂಟೆಗಟ್ಟಲೆ ಕೆಲಸ ಬೀಳುತ್ತಿದ್ದರೆ ನೀವು ಬರೆದಿಟ್ಟ ಆ ಕರೆಗಳ ಪಟ್ಟಿ ಮುಂದಿಟ್ಟು, ಆ ಹೊತ್ತಿಗೆ ವಾರದ ನಡುವೆ ಬದಲಿ ರಜೆ ಕೊಡಿ ಅಂತ ಬರಹದಲ್ಲಿ ಕೇಳಿ. ಅದನ್ನು ಹಾಜರಿ ಪುಸ್ತಕದಲ್ಲಿ ಬರೆಸಿಕೊಳ್ಳಿ.