ಹೊರಡುವ ಎಲೆಕ್ಟ್ರಾನ್ ಯಾವುದು? ಪರಮಾಣು ತ್ರಿಜ್ಯ ಮತ್ತು ಅಯಾನೀಕರಣ ಶಕ್ತಿಯ ಅಪವಾದಗಳು

ಆವರ್ತಕ ಕೋಷ್ಟಕದ ಒಂದು ಆವರ್ತದಲ್ಲಿ ಎಡದಿಂದ ಬಲಕ್ಕೆ ಸಾಗಿದಂತೆ ನ್ಯೂಕ್ಲಿಯಸ್ಸಿನ ಧನಾವೇಶ ಒಂದೊಂದಾಗಿ ಹೆಚ್ಚುತ್ತದೆ. ಹೊಸದಾಗಿ ಸೇರುವ ಎಲೆಕ್ಟ್ರಾನ್‌ಗಳು ಅದೇ ಹೊರಕವಚದಲ್ಲಿ ನೆಲೆಸುವುದರಿಂದ ಅವು ನ್ಯೂಕ್ಲಿಯಸ್ಸಿನ ಸೆಳೆತದಿಂದ ಒಂದನ್ನೊಂದು ಪೂರ್ತಿಯಾಗಿ ಮರೆಮಾಡಲಾರವು. ಹೀಗಾಗಿ ಸೆಳೆತ ಬಲವಾಗುತ್ತದೆ, ತ್ರಿಜ್ಯ ಕುಗ್ಗುತ್ತದೆ, ಎಲೆಕ್ಟ್ರಾನನ್ನು ಕೀಳಲು ಬೇಕಾದ ಶಕ್ತಿ, ಅಂದರೆ ಅಯಾನೀಕರಣ ಶಕ್ತಿ, ಏರುತ್ತದೆ. ಗುಂಪಿನಲ್ಲಿ ಕೆಳಗಿಳಿದಂತೆ ಹೊಸ ಕವಚ ಸೇರಿ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಇಷ್ಟು ಎಲ್ಲರಿಗೂ ತಿಳಿದಿರುತ್ತದೆ, ಗೊಂದಲವಾಗುವುದು ಅಪವಾದಗಳಲ್ಲಿ.

ತ್ರಿಜ್ಯದ ವಿಷಯದಲ್ಲಿ ಎರಡು ಅಪವಾದಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಫ್ಲೂರಿನ್‌ಗೆ 64 ಪಿಕೋಮೀಟರ್ ಎಂದಿರುವ ಪಟ್ಟಿಯಲ್ಲೇ ನಿಯಾನ್‌ಗೆ ಅದಕ್ಕಿಂತ ಬಹಳ ದೊಡ್ಡ ಸಂಖ್ಯೆ ಕಂಡರೆ, ಅದು ಪರಮಾಣುವಿನ ಗುಣವಲ್ಲ, ಅಳತೆಯ ವ್ಯತ್ಯಾಸ. ಫ್ಲೂರಿನ್‌ಗೆ ಬಂಧದಲ್ಲಿರುವ ಎರಡು ಪರಮಾಣುಗಳ ಅಂತರದ ಅರ್ಧವನ್ನು ಕೊಟ್ಟಿರುತ್ತಾರೆ. ಬಂಧವನ್ನೇ ಕಟ್ಟಿಕೊಳ್ಳದ ನಿಯಾನ್‌ಗೆ ಕೊಡುವುದು ವಾನ್‌ ಡರ್ ವಾಲ್ಸ್ ತ್ರಿಜ್ಯ, ಅಂದರೆ ಬಂಧವಿಲ್ಲದೆ ಪಕ್ಕಪಕ್ಕದಲ್ಲಿರುವ ಎರಡು ಪರಮಾಣುಗಳ ಅಂತರದ ಅರ್ಧ. ಗ್ಯಾಲಿಯಮ್‌ನದು ಮಾತ್ರ ನಿಜವಾದ ಅಪವಾದ. ಅಲ್ಯೂಮಿನಿಯಮ್‌ಗಿಂತ ಒಂದು ಕವಚ ಹೆಚ್ಚಿದ್ದರೂ ಅದರ ತ್ರಿಜ್ಯ ಸುಮಾರು 135 ಪಿಕೋಮೀಟರ್, ಅಲ್ಯೂಮಿನಿಯಮ್‌ನದು 143. ಎರಡರ ನಡುವೆ ನ್ಯೂಕ್ಲಿಯಸ್ಸಿನ ಆವೇಶ 13ರಿಂದ 31ಕ್ಕೆ ಏರಿದೆ. ಆದರೆ ಜೊತೆಗೆ ಬಂದ ಹತ್ತು 3d ಎಲೆಕ್ಟ್ರಾನ್‌ಗಳು ಆ ಏರಿಕೆಯನ್ನು ಚೆನ್ನಾಗಿ ಮರೆಮಾಡುವುದಿಲ್ಲ. ಅಯಾನೀಕರಣ ಶಕ್ತಿಯೂ ಇದೇ ಕಾರಣದಿಂದ ಇಳಿಯದೆ, ಮೋಲ್‌ಗೆ 578ರಿಂದ 579 ಕಿಲೋಜೌಲ್‌ಗೆ, ಹೆಚ್ಚುಕಡಿಮೆ ಇದ್ದಲ್ಲೇ ನಿಲ್ಲುತ್ತದೆ.

ಇನ್ನು ಎರಡನೇ ಆವರ್ತದ ಮೊದಲ ಅಯಾನೀಕರಣ ಶಕ್ತಿಗಳನ್ನು ಕಿಲೋಜೌಲ್‌ಗಳಲ್ಲಿ ಸಾಲಾಗಿ ಓದಿ: ಲಿಥಿಯಮ್ 520, ಬೆರಿಲಿಯಮ್ 899, ಬೋರಾನ್ 801, ಕಾರ್ಬನ್ 1086, ನೈಟ್ರೋಜನ್ 1402, ಆಕ್ಸಿಜನ್ 1314, ಫ್ಲೂರಿನ್ 1681, ನಿಯಾನ್ 2081. ಏರುವ ಸಾಲು ಬೋರಾನ್‌ನಲ್ಲಿ ಒಮ್ಮೆ, ಆಕ್ಸಿಜನ್‌ನಲ್ಲಿ ಇನ್ನೊಮ್ಮೆ ಜಾರುತ್ತದೆ.

ಬೋರಾನ್‌ನ ಕಾರಣ ಸರಳ. ಬೆರಿಲಿಯಮ್‌ನಿಂದ ಹೊರಡುವುದು 2s ಎಲೆಕ್ಟ್ರಾನ್, ಬೋರಾನ್‌ನಿಂದ ಹೊರಡುವುದು 2p. 2s ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿನ ತೀರ ಹತ್ತಿರಕ್ಕೂ ನುಗ್ಗಬಲ್ಲದು. 2p ಅಷ್ಟು ನುಗ್ಗುವುದಿಲ್ಲ, ಮೇಲಾಗಿ ಅದನ್ನು 2s ಜೋಡಿಯೂ ತಕ್ಕಮಟ್ಟಿಗೆ ಮರೆಮಾಡುತ್ತದೆ. ಆದ್ದರಿಂದ ಅದರ ಶಕ್ತಿಮಟ್ಟ ಮೇಲಿದ್ದು, ಕೀಳುವುದು ಸುಲಭ.

ಆಕ್ಸಿಜನ್ ವಿಷಯಕ್ಕೆ "ಅರ್ಧ ತುಂಬಿದ ಉಪಕವಚ ಸ್ಥಿರ" ಎಂಬ ಉತ್ತರವನ್ನು ನಾವು ಬಾಯಿಪಾಠ ಒಪ್ಪಿಸುತ್ತೇವೆ. ಅದು ತಪ್ಪಲ್ಲ, ಆದರೆ ಯಾಕೆ ಸ್ಥಿರ ಎಂಬುದನ್ನು ಅದು ಹೇಳುವುದಿಲ್ಲ. ನೈಟ್ರೋಜನ್‌ನ ಮೂರು 2p ಎಲೆಕ್ಟ್ರಾನ್‌ಗಳು ಮೂರು ಆರ್ಬಿಟಲ್‌ಗಳಲ್ಲಿ ಒಂದೊಂದಾಗಿ, ಸಮಾನಾಂತರ ಸ್ಪಿನ್‌ನೊಂದಿಗೆ ಇರುವುದರಿಂದ ಪರಸ್ಪರ ದೂರ ಉಳಿಯುತ್ತವೆ. ಆಕ್ಸಿಜನ್‌ನ ನಾಲ್ಕನೆಯದಕ್ಕೆ ಖಾಲಿ ಜಾಗವಿಲ್ಲ. ಅದು ಈಗಾಗಲೇ ಒಂದು ಎಲೆಕ್ಟ್ರಾನ್ ಇರುವ ಆರ್ಬಿಟಲ್‌ಗೇ ವಿರುದ್ಧ ಸ್ಪಿನ್‌ನಿಂದ ಸೇರಬೇಕು, ಆಗ ವಿಕರ್ಷಣೆ ಹೆಚ್ಚುತ್ತದೆ. ಕೊಟ್ಟಿರುವ ಅಂಕಿಗಳೇ ಇದನ್ನು ತೋರಿಸುತ್ತವೆ. ಬೋರಾನ್‌ನಿಂದ ನೈಟ್ರೋಜನ್‌ವರೆಗೆ ಹೆಜ್ಜೆಗಳು 285 ಮತ್ತು 316. ಅದೇ ಲಯದಲ್ಲಿ ಮುಂದುವರಿದಿದ್ದರೆ ಆಕ್ಸಿಜನ್ ಸುಮಾರು 1750ರಲ್ಲಿರಬೇಕಿತ್ತು. ಅದು ಸುಮಾರು 435 ಕಡಿಮೆಯಿದೆ, ಆದರೆ ಅಲ್ಲಿಂದಾಚೆಗೆ 367, 400 ಎಂದು ಏರಿಕೆ ಮತ್ತೆ ಮುಂದುವರಿಯುತ್ತದೆ. ಆಕ್ಸಿಜನ್ ಒಂದೇ ದುರ್ಬಲವಾಗಿರುವುದಲ್ಲ. ಜೋಡಿಯಾದ ಎಲೆಕ್ಟ್ರಾನನ್ನು ಕಳೆದುಕೊಳ್ಳುವ ಮೂರೂ ಧಾತುಗಳ ಸಾಲು ಒಟ್ಟಾಗಿ ಕೆಳಕ್ಕೆ ಸರಿದಿದೆ. ಮೂರನೇ ಆವರ್ತದಲ್ಲಿ 3p ಆರ್ಬಿಟಲ್ ದೊಡ್ಡದು, ಜೋಡಿಯ ವಿಕರ್ಷಣೆಯೂ ಕಡಿಮೆ. ಫಾಸ್ಫರಸ್ 1012ರಿಂದ ಗಂಧಕ 1000ಕ್ಕೆ ಇಳಿಯುವುದು ಬರೀ 12.

ಈ ವಿವರಣೆ ಸರಿಯೇ ಎಂದು ಪರೀಕ್ಷಿಸಲು ಎರಡನೇ ಅಯಾನೀಕರಣ ಶಕ್ತಿಯನ್ನು ನೋಡಬಹುದು. ಕಾರಣವು ಧಾತುವಿನ ಹೆಸರಿನಲ್ಲಿಲ್ಲದೆ ಎಲೆಕ್ಟ್ರಾನ್ ವಿನ್ಯಾಸದಲ್ಲಿದ್ದರೆ, ಒಂದು ಎಲೆಕ್ಟ್ರಾನ್ ಹೋದ ಮೇಲೆ ಜಾರುವ ಜಾಗಗಳು ಒಂದೊಂದು ಮನೆ ಬಲಕ್ಕೆ ಸರಿಯಬೇಕು. B⁺ ಅಯಾನಿನ ವಿನ್ಯಾಸ ಬೆರಿಲಿಯಮ್‌ನಂತೆ, C⁺ ಬೋರಾನ್‌ನಂತೆ, O⁺ ನೈಟ್ರೋಜನ್‌ನಂತೆ, F⁺ ಆಕ್ಸಿಜನ್‌ನಂತೆ. ಅಳತೆಯೂ ಹಾಗೆಯೇ ಹೇಳುತ್ತದೆ: ಬೋರಾನ್ 2427, ಕಾರ್ಬನ್ 2353, ಆಕ್ಸಿಜನ್ 3388, ಫ್ಲೂರಿನ್ 3374. ಆದ್ದರಿಂದ ಪ್ರಶ್ನೆಯಲ್ಲಿ "ಎರಡನೇ" ಎಂಬ ಪದ ಕಂಡರೆ, ಮೊದಲು ಅಯಾನಿನ ವಿನ್ಯಾಸವನ್ನು ಬರೆದು, ಹೊರಡಲಿರುವ ಎಲೆಕ್ಟ್ರಾನನ್ನು ಗುರುತಿಸಿ, ಆಮೇಲೆ ಹೋಲಿಸಬೇಕು.