ಹಾಲಿನ ರೇಖೆಯನ್ನು ಓದುವ ಬಗೆ: ಗರಿಷ್ಠ ಇಳುವರಿಯಷ್ಟೇ ಸಾಲದು

ಕರು ಹಾಕಿದ ಹಸುವಿನ ಹಾಲು ಆರರಿಂದ ಎಂಟು ವಾರಗಳಲ್ಲಿ ಗರಿಷ್ಠ ಮಟ್ಟ ಮುಟ್ಟಿ, ಅಲ್ಲಿಂದ ಸೂಲು ಮುಗಿಯುವವರೆಗೆ ಇಳಿಯುತ್ತಾ ಹೋಗುತ್ತದೆ. ಈ ಏರಿಳಿತವನ್ನು ತೋರಿಸುವುದೇ ಹಾಲಿನ ರೇಖೆ. ಆ ಇಳಿಕೆ ಎಷ್ಟು ನಿಧಾನವೆಂಬುದೇ ಪರ್ಸಿಸ್ಟೆನ್ಸಿ, ಅಂದರೆ ಹಾಲಿನ ಸ್ಥಿರತೆ.

ನಾನು ಎಡವಿದ್ದು ಇಳಿಕೆಯ ಲೆಕ್ಕದಲ್ಲಿ. ಎರಡನೇ ತಿಂಗಳಲ್ಲಿ ದಿನಕ್ಕೆ ಗರಿಷ್ಠ 18 ಲೀಟರ್ ಕೊಡುವ ಹಸು ಆಮೇಲೆ ತಿಂಗಳಿಗೆ ಶೇ. 12ರಷ್ಟು ಇಳಿಯುತ್ತದೆ ಎಂದಾಗ, ಪ್ರತಿ ತಿಂಗಳೂ 18ರ ಶೇ. 12, ಅಂದರೆ 2.16 ಲೀಟರ್ ಕಳೆಯುತ್ತಾ ಹೋದೆ. ಹತ್ತನೇ ತಿಂಗಳಿಗೆ ಮುಕ್ಕಾಲು ಲೀಟರೂ ಉಳಿಯಲಿಲ್ಲ! ಶೇಕಡಾವಾರನ್ನು ಲೆಕ್ಕ ಹಾಕಬೇಕಾದದ್ದು ಗರಿಷ್ಠ ಇಳುವರಿಯ ಮೇಲಲ್ಲ, ಹಿಂದಿನ ತಿಂಗಳ ಇಳುವರಿಯ ಮೇಲೆ. ಆದ್ದರಿಂದ ಪ್ರತಿ ಬಾರಿ 0.88ರಿಂದ ಗುಣಿಸಬೇಕು: 18, 15.8, 13.9, 12.3. ಹೀಗೆ ಹೋದರೆ ಹತ್ತನೇ ತಿಂಗಳಲ್ಲಿ 6.5 ಲೀಟರ್ ಉಳಿಯುತ್ತದೆ.

ಈಗ ಇದಕ್ಕೆ ಮತ್ತೊಂದು ಹಸುವನ್ನು ಹೋಲಿಸೋಣ. ಅದರ ಗರಿಷ್ಠ ಇಳುವರಿ 15 ಲೀಟರ್, ತಿಂಗಳ ಇಳಿಕೆ ಶೇ. 6. ಮೊದಲ ತಿಂಗಳಲ್ಲಿ ಮೊದಲನೆಯದು ದಿನಕ್ಕೆ 16, ಎರಡನೆಯದು 13 ಲೀಟರ್ ಕೊಟ್ಟಿತು ಎಂದಿಟ್ಟುಕೊಂಡು 305 ದಿನಗಳನ್ನು ಕೂಡಿದಾಗ, ಮೊದಲನೆಯದು ಸುಮಾರು 3,615 ಲೀಟರ್, ಎರಡನೆಯದು ಸುಮಾರು 3,650 ಲೀಟರ್ ಕೊಡುತ್ತದೆ. ಐದನೇ ತಿಂಗಳಿನಿಂದಾಚೆಗೆ ಎರಡನೆಯದೇ ಮುಂದು.

ಮೇವಿನ ಮಾತು ಬರುವುದು ಇಲ್ಲಿಯೇ. ದೇಹಪೋಷಣೆಗೆ ಒಂದೂವರೆ ಕಿಲೊ, ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೊ ಪಶು ಆಹಾರ ಎಂಬ ರೂಢಿಯ ಲೆಕ್ಕದಂತೆ, ಎರಡನೇ ತಿಂಗಳಲ್ಲಿ ಮೊದಲ ಹಸುವಿಗೆ 8.7 ಕಿಲೊ ಬೇಕು, ಎರಡನೆಯದಕ್ಕೆ 7.5 ಕಿಲೊ ಸಾಕು. ಆದರೆ ಹಸುವಿನ ತಿನ್ನುವ ಶಕ್ತಿ ಹಾಲಿಗಿಂತ ಕೆಲವು ವಾರ ತಡವಾಗಿ ಗರಿಷ್ಠ ಮಟ್ಟ ಮುಟ್ಟುತ್ತದೆ. ನಡುವಿನ ಕೊರತೆಯನ್ನು ಅದು ಮೈಯ ಕೊಬ್ಬಿನಿಂದ ತುಂಬಿಕೊಳ್ಳುತ್ತದೆ. ಆ ಕೊರತೆಯನ್ನು ನೀಗಿಸಲು ಒಮ್ಮೆಲೇ ಪಶು ಆಹಾರ ಸುರಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಮೇವು ಬಿಡುತ್ತದೆ, ಹಾಲು ಇನ್ನಷ್ಟು ಬೇಗ ಕುಸಿಯುತ್ತದೆ. ದಿನಗಳಲ್ಲಿ ಹಂಚಿ ಏರಿಸುವುದು, ಒಣಮೇವನ್ನು ಕಡಿಮೆ ಮಾಡದಿರುವುದು ಸರಿಯಾದ ಕ್ರಮ. ಇಳಿಕೆ ಶುರುವಾದ ಮೇಲೆ ಹಾಲಿನ ಅಳತೆಗೆ ತಕ್ಕಂತೆ ತಗ್ಗಿಸಬಹುದು, ಆದರೆ ಕರಗಿದ ಮೈ ಮರಳಿ ತುಂಬಲು ಸ್ವಲ್ಪ ಹೆಚ್ಚಿಗೆ ಉಳಿಸಬೇಕು.

ಯಾವ ಹಸುವನ್ನು ಕೊಟ್ಟಿಗೆಯಿಂದ ಕಳುಹಿಸಬೇಕೆಂಬ ತೀರ್ಮಾನಕ್ಕೆ ಇಂದಿನ ಹಾಲೊಂದನ್ನೇ ನೋಡುವುದು ತಪ್ಪು. ಕರು ಹಾಕಿ 250 ದಿನವಾದ ಹಸು ಕೊಡುವ 8 ಲೀಟರ್, 100 ದಿನದ ಹಸು ಕೊಡುವ 10 ಲೀಟರಿಗಿಂತ ಒಳ್ಳೆಯ ಲಕ್ಷಣವಿರಬಹುದು. ಮೊದಲ ಸೂಲಿನ ಹಸುವಿನ ರೇಖೆ ಸಹಜವಾಗಿ ಚಪ್ಪಟೆ. ಅದರ ಗರಿಷ್ಠ ಇಳುವರಿ ಕಡಿಮೆಯೆಂದು ಕಳುಹಿಸಬಾರದು. ಒಂದೇ ವಾರದಲ್ಲಿ ಹಾಲು ದಿಢೀರನೆ ಕುಸಿದರೆ ಅದು ಸ್ಥಿರತೆಯ ದೋಷವಲ್ಲ. ಮೊದಲು ಕೆಚ್ಚಲು ಬಾವು, ಕಾಲುನೋವು, ಮೇವಿನ ಬದಲಾವಣೆ, ಬಿಸಿಲು ಇವನ್ನು ಪರೀಕ್ಷಿಸಬೇಕು. ಐದು ತಿಂಗಳು ದಾಟಿದ ಗಬ್ಬವೂ ಹಾಲನ್ನು ತಗ್ಗಿಸುತ್ತದೆ. ಇವೆಲ್ಲ ಇಲ್ಲದೆ, ಸರಿಯಾಗಿ ಮೇಯಿಸಿದ ಮೇಲೂ ಎರಡು ಸೂಲುಗಳಲ್ಲಿ ಇಳಿಕೆ ಕಡಿದಾಗಿಯೇ ಇದ್ದು, ಹಸು ಗಬ್ಬವೂ ನಿಲ್ಲದಿದ್ದರೆ, ಮಾರುವ ಪಟ್ಟಿಯಲ್ಲಿ ಅದರ ಹೆಸರನ್ನು ಮೊದಲು ಬರೆಯುತ್ತೇನೆ.